ಕಥೆಗೆ ಅಂಕ ಹಾಕುವಾಗ ನಮ್ಮ ಇಷ್ಟವನ್ನು ಎಲ್ಲಿಡಬೇಕು?

ವಿದ್ಯಾರ್ಥಿಯೊಬ್ಬ ಬರೆದ ಒಂದೇ ಕಥೆಗೆ ಒಬ್ಬರು 25ಕ್ಕೆ 11 ಅಂಕ ಹಾಕಿದ್ದರು, ಇನ್ನೊಬ್ಬರು 20. ಇಬ್ಬರೂ ಮುಂಬೈಯಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದವರು. ಇಬ್ಬರೂ ಕಥೆಯನ್ನು ಗಮನವಿಟ್ಟೇ ಓದಿದ್ದರು. ಆ ಉತ್ತರಪತ್ರಿಕೆಯನ್ನು ಮೂರನೆಯವಳಾಗಿ ನಾನು ನೋಡಿದೆ. ಇಂಥದ್ದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ, ಹಾಗಾಗಿ ಈ ಕೆಲಸವನ್ನು ಹೇಗೆ ಮಾಡಬೇಕು ಅಂತ ಆ ಕಥೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕಥೆ ಇಷ್ಟು. ಡೊಂಬಿವಲಿಯ ಒಂದು ಚಾಳ್. ಕಥೆ ಹೇಳುವವನು 14 ವರ್ಷದ ಹುಡುಗ. ಅಪ್ಪ ಘಾಟ್ಕೋಪರ್‌ನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಹೋಟೆಲು ಮುಚ್ಚಿ ತಿಂಗಳಾಗಿದೆ, ಆದರೆ ಮನೆಯಲ್ಲಿ ಹೇಳಿಲ್ಲ. ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಡಬ್ಬ ಹಿಡಿದು ಹೊರಡುತ್ತಾನೆ. ಒಂದು ಶನಿವಾರ ಮುಲುಂಡಿನ ಶಾಲೆಯಿಂದ ಬೇಗ ಬಿಟ್ಟ ಹುಡುಗನಿಗೆ ಠಾಣೆ ಸ್ಟೇಷನ್ನಿನಲ್ಲಿ ಅಪ್ಪ ಕಾಣುತ್ತಾನೆ. ಬೆಂಚಿನ ಮೇಲೆ ಕೂತು ಒಬ್ಬನೇ ಊಟ ಮಾಡುತ್ತಿದ್ದಾನೆ. ಹುಡುಗ ಇಳಿಯುವುದಿಲ್ಲ, ಮುಖ ತಿರುಗಿಸುತ್ತಾನೆ. ರಾತ್ರಿ ಅಪ್ಪ ಬಂದಾಗ ಏನೂ ಕೇಳುವುದಿಲ್ಲ. ಕೊನೆಯ ಸಾಲು: ‘ಅಪ್ಪನ ಡಬ್ಬ ನಾನೇ ತೊಳೆದೆ.’

ಮೊದಲು ಅಂಕ ಹಂಚಿಕೊಳ್ಳಿ

ಒಟ್ಟು 25 ಅಂದರೆ ಪಾತ್ರಕ್ಕೆ 8, ದನಿಗೆ 9, ರಚನೆಗೆ 8. ಮಕ್ಕಳು ಬರೆಯುವ ಮೊದಲೇ ಇದನ್ನು ಹೇಳಿರಬೇಕು. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಸಿದ್ಧ ಕೋಷ್ಟಕಗಳಲ್ಲಿ ‘ಸೃಜನಶೀಲತೆ: 5’, ‘ಒಟ್ಟು ಪರಿಣಾಮ: 5’ ಅಂತ ಕಾಲಂ ಇರುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಆ ಕಾಲಮ್ಮಿನಲ್ಲಿ ಅಳೆಯಲು ಏನೂ ಇಲ್ಲ. ಅಲ್ಲಿ ಬೀಳುವುದು ನಮ್ಮ ಇಷ್ಟಾನಿಷ್ಟ ಮಾತ್ರ. ಕಾಗುಣಿತಕ್ಕೆ ಅಂಕ ಬೇಕಿದ್ದರೆ ಬೇರೆಯಾಗಿಡಿ, ದನಿಯ 9ರೊಳಗೆ ಸೇರಿಸಬೇಡಿ.

ಪೆನ್ನಿಲ್ಲದೆ ಒಮ್ಮೆ ಓದಿ, ಚೀಟಿ ಬರೆಯಿರಿ

ಹೆಸರಿನ ಜಾಗ ಮುಚ್ಚಿ. ಪೆನ್ನು ದೂರ ಇಡಿ. ಕಥೆ ಪೂರ್ತಿ ಓದಿ. ಆಮೇಲೆ ಒಂದು ಸಣ್ಣ ಚೀಟಿಯಲ್ಲಿ ನಿಮಗೆ ಏನು ಇಷ್ಟವಾಯಿತು, ಏನು ಆಗಲಿಲ್ಲ ಅಂತ ಎರಡು ಸಾಲು ಬರೆದು ಪಕ್ಕಕ್ಕಿಡಿ. ‘ಇಂಥ ಅಳುಮುಂಜಿ ಅಪ್ಪಂದಿರ ಕಥೆ ಸಾಕಾಗಿದೆ’ ಅಂತ ಅನಿಸಿದರೆ ಹಾಗೇ ಬರೆಯಿರಿ. ಇಷ್ಟವನ್ನು ಒತ್ತಿಟ್ಟರೆ ಅದು ಅಂಕದೊಳಗೆ ನುಸುಳುತ್ತದೆ. ಕಣ್ಣೆದುರು ಬರೆದಿಟ್ಟರೆ, ಅಂಕ ಕಡಿಮೆ ಮಾಡುವಾಗ ‘ಇದು ಚೀಟಿಯ ಮಾತೋ, ಕಥೆಯ ತಪ್ಪೋ’ ಅಂತ ಹೋಲಿಸಿ ನೋಡಬಹುದು. ನನ್ನ ಚೀಟಿಗಳಲ್ಲಿ ಪದೇ ಪದೇ ಬರುವ ಮಾತೊಂದಿದೆ: ‘ಕನಸಿನಿಂದ ಎಚ್ಚರವಾಗಿ ಮುಗಿಯುವ ಕಥೆ ನನಗೆ ಆಗುವುದಿಲ್ಲ.’ ಅದಕ್ಕಾಗಿ ಅಂಕ ಕಳೆಯುವಂತಿಲ್ಲ. ಎಚ್ಚರವಾದ ಕೂಡಲೇ ಕಥೆಯ ಸಮಸ್ಯೆಯೇ ಮಾಯವಾಗಿ, ಪಾತ್ರ ಏನೂ ಮಾಡಬೇಕಾಗಿ ಬರಲಿಲ್ಲ ಅಂದರೆ ಮಾತ್ರ ರಚನೆಯಲ್ಲಿ ಕಳೆಯಬಹುದು.

ಪಾತ್ರ

ಇದು ಸುಲಭ. ಪಾತ್ರ ಏನೋ ಬಯಸುತ್ತದೆ, ಏನೋ ಮಾಡುತ್ತದೆ ಅಥವಾ ಮಾಡದೇ ಬಿಡುತ್ತದೆ. ಅದನ್ನು ತೋರಿಸುವ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಡೊಂಬಿವಲಿಯ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ಇದೆ, ಡಬ್ಬ ಇದೆ, ಒಂಟಿ ಬೆಂಚು ಇದೆ. ಹುಡುಗ ಮುಖ ತಿರುಗಿಸುವುದೂ ಒಂದು ತೀರ್ಮಾನವೇ. ಆದರೆ ಅಮ್ಮನಿಗೆ, ಅವಳ ಒಂದೆರಡು ಮಾತು ಬಿಟ್ಟರೆ, ‘ತ್ಯಾಗಮಯಿ, ಸಹನಾಮೂರ್ತಿ’ ಅನ್ನುವ ವಿಶೇಷಣ ಮಾತ್ರ ಸಿಕ್ಕಿದೆ. 8ಕ್ಕೆ 6 ಹಾಕಿದೆ. ‘ಮಗ ಅಪ್ಪನ ಹತ್ತಿರ ಹೋಗಿ ಮಾತಾಡಬೇಕಿತ್ತು’ ಅಂತ ಒಬ್ಬರು ಅಂಚಿನಲ್ಲಿ ಬರೆದಿದ್ದರು. ಅದು ಆ ಹುಡುಗನಿಗೆ ಕೊಡುವ ಬುದ್ಧಿಮಾತು. ಪಾತ್ರ ಹೇಗಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ದನಿ: ಇಲ್ಲಿ ನಿಧಾನ ಮಾಡಿ

ಎಲ್ಲರೂ ಎಡವುವುದು ಇಲ್ಲೇ, ಅದರಲ್ಲೂ ಮುಂಬೈಯಲ್ಲಿ ಜಾಸ್ತಿ. ನಮ್ಮ ಮಕ್ಕಳ ಕನ್ನಡ ಒಂದೇ ಊರಿನದ್ದಲ್ಲ. ಮನೆಯಲ್ಲಿ ತುಳು ಅಥವಾ ಉಡುಪಿ ಕಡೆಯ ಕನ್ನಡ, ಪಕ್ಕದ ಮನೆಯಲ್ಲಿ ವಿಜಯಪುರದ ಮಾತು, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ. ‘ಗಾಡಿ’ ಅಂದರೆ ಇಲ್ಲಿ ಲೋಕಲ್ ರೈಲು, ‘ಖೋಲಿ’ ಅಂದರೆ ಕೋಣೆ. ಆ ಹುಡುಗನ ಕಥೆಯಲ್ಲಿ ಹೀಗಿತ್ತು:

‘ಗಾಡಿ ಠಾಣೆಗೆ ಬಂತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಪ್ಪ ಕಂಡ. ಖೋಲಿಯಲ್ಲಿ ಕೂತ ಹಾಗೆಯೇ ಕೂತಿದ್ದ, ಕಾಲು ಮಡಚಿ.’

11 ಹಾಕಿದವರು ‘ಗಾಡಿ’ಯನ್ನು ಹೊಡೆದು ‘ರೈಲು’ ಅಂತ ಬರೆದಿದ್ದರು. ‘ಖೋಲಿ’ಯನ್ನು ‘ಕೋಣೆ’ ಮಾಡಿದ್ದರು. ಎರಡು ಪುಟ ಮುಂದೆ ಅದೇ ವಿದ್ಯಾರ್ಥಿ ‘ಪಡುವಣದಲ್ಲಿ ನೇಸರನು ಅಸ್ತಂಗತನಾಗುತ್ತಿದ್ದ ಆ ರಮ್ಯ ಸಂಜೆ’ ಅಂತ ಬರೆದಾಗ ಪಕ್ಕದಲ್ಲಿ ‘ಸುಂದರ!’ ಅಂತ ಟಿಕ್ ಹಾಕಿದ್ದರು. ದನಿಯ ಲೆಕ್ಕದಲ್ಲಿ ಎರಡೂ ತಿರುಗುಮುರುಗು. ‘ಗಾಡಿ’ ಅನ್ನುವುದು ಆ ಹುಡುಗನ ಬಾಯಿಂದ ಬರುವ ಮಾತು. ‘ಅಸ್ತಂಗತ’ ಅನ್ನುವುದು ಪಠ್ಯಪುಸ್ತಕದಿಂದ ಬಂದದ್ದು, ಅಲ್ಲಿ ಹುಡುಗ ಮಾಯವಾಗಿದ್ದಾನೆ.

ಅನುಮಾನ ಬಂದ ಪ್ರತಿ ಸಾಲಿಗೂ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು: ಕಥೆ ಹೇಳುವವರು ಈ ಮಾತನ್ನು ಆಡಬಲ್ಲರೇ? ನಾನು ಆಡುತ್ತೇನೆಯೇ ಅನ್ನುವುದಲ್ಲ, ಅವರು ಆಡಬಲ್ಲರೇ ಅನ್ನುವುದು. ಸಾಲನ್ನು ಜೋರಾಗಿ ಓದಿದರೆ ಗೊತ್ತಾಗುತ್ತದೆ. ಕಥೆ ಹೇಳುವವರು ನಿವೃತ್ತ ಪಂಡಿತರಾಗಿದ್ದರೆ ‘ಅಸ್ತಂಗತ’ಕ್ಕೆ ಪೂರ್ತಿ ಅಂಕ, ‘ಗಾಡಿ’ಗೆ ಪ್ರಶ್ನೆ.

ಎರಡನೆಯದು: ಮೊದಲ ಪುಟದ ದನಿ ಕೊನೆಯ ಪುಟದಲ್ಲೂ ಇದೆಯೇ? ಇಲ್ಲದಿದ್ದರೆ, ಬದಲಾಗಲು ಕಥೆಯೊಳಗೆ ಕಾರಣ ಇದೆಯೇ? ಹುಡುಗ ಬೆಳೆದು ದೊಡ್ಡವನಾಗಿ ನೆನಪಿನಿಂದ ಹೇಳುತ್ತಿದ್ದರೆ ಮಾತು ಬೇರೆಯಾಗಬಹುದು. ಈ ಕಥೆಯಲ್ಲಿ ಅಂಥ ಕಾರಣ ಇರಲಿಲ್ಲ. ಸಂಜೆಯ ಸಾಲು ಒಂದು ಕಡೆ, ‘ವಿಧಿಯ ಕ್ರೂರ ಅಟ್ಟಹಾಸ’ ಇನ್ನೊಂದು ಕಡೆ. ಒಟ್ಟು ಎರಡು ಸಲ ಜಾರಿದೆ.

ಮೂರನೆಯದು ಸಂಭಾಷಣೆಗೆ. ಮಾತಾಡಿದವರ ಹೆಸರಿನ ಮೇಲೆ ಬೆರಳಿಟ್ಟು ಓದಿ. ಯಾರ ಮಾತು ಅಂತ ತಿಳಿಯುತ್ತದೆಯೇ? ಇಲ್ಲಿ ಅಮ್ಮ ‘ಎಂತ, ಇವತ್ತೂ ಅನ್ನ ಉಳಿಸಿದ್ದೀರಾ?’ ಅನ್ನುತ್ತಾಳೆ. ಪಕ್ಕದ ಮನೆಯವರು ‘ಯಾಕ್ರೀ, ಇನ್ನೂ ಬಂದಿಲ್ಲೇನು ಅವರು?’ ಅನ್ನುತ್ತಾರೆ. ಹೆಸರು ಬೇಕಾಗಲೇ ಇಲ್ಲ. ಅಮ್ಮನ ಈ ಮಾತಿನಲ್ಲೇ ಅವಳ ಸಿಟ್ಟೂ ಕಾಳಜಿಯೂ ಕೇಳುತ್ತಿರುವಾಗ ‘ತ್ಯಾಗಮಯಿ’ ಅನ್ನುವ ಪದ ಬೇಕೇ ಇರಲಿಲ್ಲ ಅಲ್ವಾ?

ಹಾಗಾದರೆ ತಪ್ಪು ಕನ್ನಡಕ್ಕೂ ದನಿಗೂ ವ್ಯತ್ಯಾಸ ಹೇಗೆ ಕಂಡುಹಿಡಿಯುವುದು? ತಪ್ಪು ಎಲ್ಲ ಕಡೆ ಸಮನಾಗಿ ಹರಡಿರುತ್ತದೆ, ದನಿ ಆಯ್ದ ಕಡೆ ಮಾತ್ರ ಇರುತ್ತದೆ. ‘ಧನ’ ಬರೆಯಬೇಕಾದಲ್ಲಿ ‘ದನ’ ಅಂತ ಹುಡುಗನೂ, ಅಪ್ಪನೂ, ಮೇಷ್ಟರೂ ಎಲ್ಲರೂ ಅಂದರೆ ಅದು ಬರೆದವರಿಗೆ ಮಹಾಪ್ರಾಣ ಗೊತ್ತಿಲ್ಲದ್ದು. ಅದು ಕಾಗುಣಿತದ ಲೆಕ್ಕಕ್ಕೆ ಹೋಗಲಿ. ಒಬ್ಬ ಪಾತ್ರದ ಮಾತಿನಲ್ಲಿ ಮಾತ್ರ ಹಾಗಿದ್ದು ಉಳಿದ ಕಡೆ ಸರಿಯಿದ್ದರೆ, ಬರೆದವರು ಬೇಕೆಂದೇ ಮಾಡಿದ್ದು. ಕಂಪ್ಯೂಟರಿನ ಕಾಗುಣಿತ ತಪಾಸಣೆಯನ್ನು ಇದಕ್ಕೆ ನಂಬಬೇಡಿ. ‘ಖೋಲಿ’, ‘ಬಂದಿಲ್ಲೇನು’ ಇಂಥವಕ್ಕೆ ಅದು ಸುಮ್ನೆ ಕೆಂಪು ಗೆರೆ ಎಳೆಯಬಹುದು, ಆ ಗೆರೆ ನೋಡಿದ ಕಣ್ಣು ಅದನ್ನು ತಪ್ಪು ಎಂದೇ ಓದುತ್ತದೆ.

ಅಂಕಕ್ಕೆ ನಾನು ಇಟ್ಟುಕೊಂಡ ಅಳತೆ ಹೀಗಿದೆ. ಯಾರು ಹೇಳುತ್ತಿದ್ದಾರೆ ಅಂತ ಭಾಷೆಯಿಂದಲೇ ತಿಳಿದು, ಜಾರಿದರೂ ಒಂದೆರಡು ಕಡೆಯಷ್ಟೇ ಆದರೆ 7ರಿಂದ 9. ದನಿ ಇದೆ, ಆದರೆ ಬರೆದವರು ಆಗಾಗ ನಡುವೆ ನುಗ್ಗುತ್ತಾರೆ ಅಂದರೆ 4ರಿಂದ 6. ಯಾರು ಹೇಳಿದ್ದರೂ ಕಥೆ ಹೀಗೇ ಇರುತ್ತಿತ್ತು ಅಂದರೆ 3 ಅಥವಾ ಕಡಿಮೆ. ಎರಡು ಸಲ ಜಾರಿದ ನಮ್ಮ ಕಥೆಗೆ 7.

ರಚನೆ

ಎರಡು ಕೆಲಸ ಮಾಡಿ. ಕೊನೆಯ ಸಾಲಿನಲ್ಲಿರುವ ವಸ್ತು ಅಥವಾ ಕೆಲಸ ಮೊದಲು ಎಲ್ಲಿ ಬಂದಿತ್ತು ಅಂತ ಹಿಂದಕ್ಕೆ ಹುಡುಕಿ. ಮೊದಲ ಪುಟದಲ್ಲೇ ಅಮ್ಮ ‘ಡಬ್ಬ ತೊಳಿ’ ಅಂತ ಹೇಳಿ ಹೇಳಿ ಸೋತಿದ್ದಾಳೆ. ಹುಡುಗ ಒಂದು ದಿನವೂ ತೊಳೆದಿಲ್ಲ. ಅಪ್ಪನ ಡಬ್ಬದಲ್ಲಿ ಈಚೆಗೆ ಅನ್ನ ಉಳಿಯುತ್ತಿದೆ ಅನ್ನುವುದೂ ಅಲ್ಲೇ ಇದೆ. ಹಾಗಾಗಿ ಕೊನೆಯಲ್ಲಿ ಅವನು ಡಬ್ಬ ತೊಳೆದದ್ದೇ ಅವನ ಉತ್ತರ. ‘ಮುಕ್ತಾಯವಿಲ್ಲ, ನೀತಿ ಸ್ಪಷ್ಟವಿಲ್ಲ’ ಅಂತ ಮೂರು ಅಂಕ ಕಳೆದವರು ಮೊದಲ ಪುಟಕ್ಕೆ ಮರಳಿ ಹೋಗಿರಲಿಲ್ಲ. ನೀತಿ ಬೇಕು ಅನ್ನುವುದು ಅವರ ಇಷ್ಟ. ಪ್ರಶ್ನೆಯಲ್ಲಿ ನೀತಿಕಥೆ ಬರೆಯಿರಿ ಅಂತ ಕೇಳಿರಲಿಲ್ಲ.

ಎರಡನೆಯದು, ಒಂದೊಂದು ಭಾಗವನ್ನು ಕೈಯಿಂದ ಮುಚ್ಚಿ ಓದಿ. ಚಾಳಿನ ಗಣಪತಿ ಹಬ್ಬದ ಒಂದೂವರೆ ಪುಟ ಮುಚ್ಚಿದೆ. ಕಥೆಗೆ ಏನೂ ಆಗಲಿಲ್ಲ. ಓದಲು ಆ ಭಾಗ ನನಗೆ ಬಹಳ ಖುಷಿ ಕೊಟ್ಟಿತ್ತು, ಚೀಟಿಯಲ್ಲೂ ಅದನ್ನೇ ಬರೆದಿದ್ದೆ. ಆದರೂ ಕಳೆಯಬೇಕಾಯಿತು. ಐದು ಪುಟದ ಕಥೆಯಲ್ಲಿ ಒಂದೂವರೆ ಪುಟ ಸಣ್ಣದಲ್ಲ. ಹಬ್ಬದ ವಂತಿಗೆ ಕೊಡಲು ಅಪ್ಪ ತಡವರಿಸಿದ ಅಂತ ಒಂದು ಸಾಲಿದ್ದರೂ ಅದು ಕಥೆಗೆ ಅಂಟಿಕೊಳ್ಳುತ್ತಿತ್ತು. 8ಕ್ಕೆ 5.

ಒಟ್ಟು 18.

ಕಟ್ಟು ನೋಡುವ ಕ್ರಮ

ಒಂದು ಕಥೆಗೆ ಮೂರೂ ಅಂಕ ಹಾಕಿ ಮುಂದಿನದಕ್ಕೆ ಹೋಗಬೇಡಿ. ಇಡೀ ಕಟ್ಟಿನ ಪಾತ್ರವನ್ನು ಮೊದಲು ನೋಡಿ, ಮಾರನೇ ದಿನ ದನಿ, ಆಮೇಲೆ ರಚನೆ. ಸಮಯ ಜಾಸ್ತಿ ಬೇಕು, ಆದರೆ ಒಳ್ಳೇ ದನಿ ನೋಡಿ ರಚನೆಗೂ ಕೈ ಸಡಿಲ ಬಿಡುವುದು ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ಮೊದಲು ನೋಡಿದ ಐದು ಕಥೆಗಳನ್ನು ಮತ್ತೆ ಓದಿ. ಶುರುವಿನಲ್ಲಿ ಬಿಗಿಯಾಗಿದ್ದ ಕೈ ಕೊನೆಗೆ ಸಡಿಲಾಗಿರುತ್ತದೆ, ಅಥವಾ ತಿರುಗುಮುರುಗು. ಇಬ್ಬರು ನೋಡುವುದಾದರೆ ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಬಾರದು. ಒಂದೇ ವಿಭಾಗದಲ್ಲಿ 2ಕ್ಕಿಂತ ಹೆಚ್ಚು ಅಂತರ ಬಂದರೆ ಕೂತು ಮಾತಾಡಿ, ಇಬ್ಬರೂ ಕಥೆಯ ಸಾಲನ್ನು ಬೆರಳಿಟ್ಟು ತೋರಿಸಿ. ಸರಾಸರಿ ತೆಗೆದು ಮುಗಿಸಬೇಡಿ. ನಮ್ಮ ಕಥೆಗೆ 11 ಮತ್ತು 20ರ ಸರಾಸರಿ ತೆಗೆದಿದ್ದರೆ 15.5 ಬರುತ್ತಿತ್ತು, ‘ಗಾಡಿ’ ತಪ್ಪಾಗಿಯೇ ಉಳಿಯುತ್ತಿತ್ತು.

ಟಿಪ್ಪಣಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕೆಂಪು ಜೆಲ್ ಪೆನ್ನು ತೆಳು ಹಾಳೆಯ ಹಿಂದಕ್ಕೆ ಇಳಿದು ಮುಂದಿನ ಪುಟದ ಕಥೆಯನ್ನೇ ಕೆಡಿಸುತ್ತದೆ. ಮಕ್ಕಳ ಸಾಲಿನ ಮೇಲೆ ನಿಮ್ಮ ಸಾಲು ಬರೆಯಬೇಡಿ, ಬೇರೆ ಮುಕ್ತಾಯ ಸೂಚಿಸಬೇಡಿ. ನಾನು ಆ ವಿದ್ಯಾರ್ಥಿಗೆ ಬರೆದದ್ದು ಇಷ್ಟು: ‘ಮೊದಲ ಪುಟದ ಡಬ್ಬ ಕೊನೆಯ ಸಾಲಿಗೆ ದಾರಿ ಮಾಡಿದೆ. ಪುಟ 4ರ ಸಂಜೆಯ ಸಾಲನ್ನು ನಿನ್ನ ಹುಡುಗ ಗಾಡಿಯ ಬಾಗಿಲಲ್ಲಿ ನಿಂತು ಹೇಳಿದರೆ ಹೇಗೆ ಹೇಳುತ್ತಾನೆ? ಗಣಪತಿ ಹಬ್ಬದ ದಿನ ಅಪ್ಪ ಎಲ್ಲಿದ್ದ?’