ಭಯ ಇಳಿದದ್ದನ್ನು ಯಾವಾಗ ನಂಬಬೇಕು?

ಇಲಿಗೆ ಭಯ ಕಲಿಸಲು ಕಾಲು ಗಂಟೆ ಸಾಕು. ಆ ಭಯ ನಿಜವಾಗಿ ತಗ್ಗಿದೆಯಾ ಎಂದು ತಿಳಿಯಲು ವಾರಗಳೇ ಬೇಕು. ಲ್ಯಾಬ್‌ನಲ್ಲಿದ್ದಾಗ ನನಗೆ ಚೆನ್ನಾಗಿ ಮನದಟ್ಟಾದ ವಿಷಯ ಇದು. ಈಗ ಆತಂಕದ ಕಾಯಿಲೆ ಇರುವವರಿಗೆ ಥೆರಪಿ ಕೊಡುವಾಗಲೂ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಪ್ರಯೋಗ ಸರಳ. ಸ್ಟೀಲ್ ಸರಳುಗಳ ನೆಲವಿರುವ ಪೆಟ್ಟಿಗೆಯಲ್ಲಿ ಇಲಿಯನ್ನು ಬಿಡುತ್ತೇವೆ. ಅದು ಎರಡು ಮೂರು ನಿಮಿಷ ಸುತ್ತಾಡಿ ಮೂಸಿ ನೋಡುತ್ತದೆ. ಆಮೇಲೆ 30 ಸೆಕೆಂಡು ಒಂದೇ ಸಮನೆ ಬೀಪ್ ಸದ್ದು. ಅದರ ಕೊನೆಯ ಸೆಕೆಂಡಿನಲ್ಲಿ ಕಾಲಿಗೆ ಅರ್ಧ ಮಿಲಿಆಂಪಿಯರ್‌ನಷ್ಟು ಸಣ್ಣ ಶಾಕ್. ನಡುವೆ ಬಿಡುವು ಕೊಟ್ಟು ಇದನ್ನೇ ಐದು ಸಲ ಮಾಡುತ್ತೇವೆ. ಮೊದಲ ಬೀಪ್‌ಗೆ ಇಲಿ ತಲೆ ಎತ್ತಿ ನೋಡುತ್ತದೆ, ಅಷ್ಟೇ. ಮೂರನೆಯದೋ ನಾಲ್ಕನೆಯದೋ ಬರುವ ಹೊತ್ತಿಗೆ ಶಾಕ್ ಬರುವ ಮುಂಚೆಯೇ ಕಲ್ಲಿನಂತೆ ನಿಂತುಬಿಡುತ್ತದೆ. ಉಸಿರಾಟ ಬಿಟ್ಟು ಬೇರೇನೂ ಅಲುಗಾಡುವುದಿಲ್ಲ. ಇದನ್ನು ಫ್ರೀಜಿಂಗ್ ಅನ್ನುತ್ತೇವೆ. 30 ಸೆಕೆಂಡಿನಲ್ಲಿ ಎಷ್ಟು ಹೊತ್ತು ಹೀಗೆ ನಿಂತಿತ್ತು ಎನ್ನುವುದೇ ನಮ್ಮ ಅಳತೆ.

ಅಳೆಯುವಾಗ ಒಂದು ಎಚ್ಚರ ಬೇಕು. ವಿಡಿಯೋ ನೋಡಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ಸುಮ್ನೆ ಕೂತ ಇಲಿಯೂ ಹೆದರಿದ ಇಲಿಯೂ ಒಂದೇ. ಹಾಗಾಗಿ ಬೀಪ್‌ಗೆ ಮುಂಚಿನ ಒಂದೆರಡು ನಿಮಿಷವನ್ನು ನಾನು ತಪ್ಪದೆ ನೋಡುತ್ತಿದ್ದೆ. ಆಗಲೂ ಇಲಿ ಹೆಪ್ಪುಗಟ್ಟಿ ನಿಂತಿದ್ದರೆ ಅದು ಹೆದರಿರುವುದು ಪೆಟ್ಟಿಗೆಗೆ. ಆಗ ಬೀಪ್‌ನ ಅಂಕಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಾಗೆಯೇ ನಂಬುವಂತಿಲ್ಲ.

ಈ ಕಾಲು ಗಂಟೆಯಲ್ಲಿ ಬದಲಾಗುವ ಮುಖ್ಯ ಜಾಗ ಅಮಿಗ್ಡಲಾ. ಮಿದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗೆ ಇರುವ ಭಾಗ ಇದು; ಮನುಷ್ಯರಲ್ಲಿ ಬಾದಾಮಿ ಗಾತ್ರದ್ದು. ಅದರ ಹೊರ ಪಕ್ಕದ ಜೀವಕೋಶಗಳಿಗೆ ಸದ್ದಿನ ಸುದ್ದಿಯೂ ನೋವಿನ ಸುದ್ದಿಯೂ ಬಂದು ಮುಟ್ಟುತ್ತವೆ. ಸದ್ದು ಒಂದೇ ಬಂದರೆ ಈ ಕೋಶಗಳು ಅಷ್ಟಾಗಿ ಕದಲುವುದಿಲ್ಲ. ನೋವಿನ ಜೊತೆಗೇ ಬಂದರೆ ಸದ್ದು ತರುವ ಸಂಪರ್ಕ ಬಲವಾಗುತ್ತದೆ. ಆಮೇಲೆ ಬರೀ ಸದ್ದೇ ಸಾಕು. ಅಮಿಗ್ಡಲಾದ ನಡುಭಾಗದಿಂದ ಆದೇಶ ಹೊರಟು ಮೈ ಹೆಪ್ಪುಗಟ್ಟುತ್ತದೆ, ಎದೆಬಡಿತ ಏರುಪೇರಾಗುತ್ತದೆ. ಕಲಿಸುವ ಮುಂಚೆ ಇದೇ ಜಾಗಕ್ಕೆ ಮಸಿಮಾಲ್ ಎಂಬ ಔಷಧಿ ಹಾಕಿ ಕೋಶಗಳನ್ನು ಕೆಲವು ಗಂಟೆ ಸುಮ್ಮನಾಗಿಸಿದರೆ, ಇಲಿ ಶಾಕ್‌ಗೆ ಎಂದಿನಂತೆ ಜಿಗಿಯುತ್ತದೆ. ಆದರೆ ಮರುದಿನ ಬೀಪ್‌ಗೆ ಹೆದರುವುದು ತೀರಾ ಕಡಿಮೆ. ಅಂದರೆ ನೋವು ಗೊತ್ತಾಗಿದೆ, ಪಾಠ ಉಳಿದಿಲ್ಲ.

ಎರಡನೇ ದಿನ, ಕಲಿತ ಭಯವನ್ನು ಇಳಿಸುವ ಪಾಠ, ಅಂದರೆ ಎಕ್ಸ್‌ಟಿಂಕ್ಷನ್. ಪೆಟ್ಟಿಗೆ ಬೇರೆ, ನೆಲ ನುಣುಪು, ವಾಸನೆ ಬೇರೆ, ಬೆಳಕು ಬೇರೆ. ಶಾಕ್ ಇಲ್ಲದೆ 30 ಸಲ ಬರೀ ಬೀಪ್. ಶುರುವಿನಲ್ಲಿ ಇಲಿ ಪೂರ್ತಿ ಸ್ತಬ್ಧ, ಕೊನೆಕೊನೆಗೆ ಆರಾಮಾಗಿ ಮೈ ನೆಕ್ಕಿಕೊಳ್ಳುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಭಯ ಅಳಿಸಿಹೋಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಮೂರನೇ ದಿನ ಅರ್ಧ ಇಲಿಗಳನ್ನು ಈ ಎರಡನೇ ಪೆಟ್ಟಿಗೆಗೇ ಹಾಕಿ ಬೀಪ್ ಕೇಳಿಸಿದರೆ ಅವು ಸುಮಾರಾಗಿ ನಿರಾಳ. ಉಳಿದವನ್ನು ಮೊದಲ ಪೆಟ್ಟಿಗೆಗೆ ಹಾಕಿದರೆ ಮತ್ತೆ ಅದೇ ಫ್ರೀಜಿಂಗ್. ಹೊಸ ಶಾಕ್ ಒಂದೂ ಬಿದ್ದಿಲ್ಲ. ಜಾಗ ಬದಲಾಗಿದೆ, ಅಷ್ಟೇ.

ಏಕೆಂದರೆ ಹಳೆಯ ನೆನಪು ಎಲ್ಲೂ ಹೋಗಿರುವುದಿಲ್ಲ. ಅದರ ಪಕ್ಕದಲ್ಲಿ "ಈ ಬೀಪ್ ಇಲ್ಲಿ ಏನೂ ಮಾಡಲ್ಲ" ಎಂಬ ಹೊಸ ನೆನಪು ಬಂದು ಕೂತಿರುತ್ತದೆ. 2008ರಲ್ಲಿ ಪ್ರಕಟವಾದ ಸುಂಡಿಲಿಗಳ ಮೇಲಿನ ಕೆಲಸವೊಂದು ಅಮಿಗ್ಡಲಾದಲ್ಲೇ ಎರಡು ಬಗೆಯ ಕೋಶಗಳನ್ನು ತೋರಿಸಿತು. ಒಂದು ಬಗೆಯವು ಭಯ ಕಲಿತಾಗ ಸದ್ದಿಗೆ ಮಿಡಿಯುತ್ತವೆ, ಇನ್ನೊಂದು ಬಗೆಯವು ಎಕ್ಸ್‌ಟಿಂಕ್ಷನ್ ಆದ ಮೇಲೆ. ಯಾವುದು ಗೆಲ್ಲಬೇಕು ಎನ್ನುವುದರಲ್ಲಿ ಹಣೆಯ ಹಿಂದಿನ ಮಿದುಳಿನ ಕೈವಾಡವಿದೆ. ಅದು ಅಮಿಗ್ಡಲಾವನ್ನು ತಡೆದು ಹಿಡಿಯುತ್ತದೆ. "ಈಗ ಎಲ್ಲಿದ್ದೇವೆ" ಎಂದು ಹೇಳಿಕೊಡುವುದು ಮಿದುಳಿನ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್. ಭಯದ ಪಾಠ ಜಾಗ ಬದಲಾದರೂ ಜೊತೆಗೆ ಬರುತ್ತದೆ. ಸುರಕ್ಷತೆಯ ಪಾಠ ಮಾತ್ರ ಕಲಿತ ಜಾಗಕ್ಕೇ ಅಂಟಿಕೊಳ್ಳುತ್ತದೆ.

ನಾಯಿ ಕಚ್ಚಿದ ಮೇಲೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದ ಒಬ್ಬರು ನನ್ನ ಬಳಿ ಬಂದಿದ್ದರು. ನನ್ನ ಕೋಣೆಗೆ ಒಂದು ಸಾಧು ನಾಯಿಯನ್ನು ಕರೆಸಿದೆವು. ಮೊದಲು ಕೋಣೆಯ ಆ ತುದಿಯಲ್ಲಿ, ಆಮೇಲೆ ಕುರ್ಚಿಯ ಪಕ್ಕ, ಆಮೇಲೆ ತಲೆ ಸವರುವುದು. ಅವರೇ ಕೊಡುವ ಭಯದ ಅಂಕಿ ನೂರಕ್ಕೆ ತೊಂಬತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಹೊರಡುವಾಗ ಅವರು ಹೇಳಿದರು: "ನಿಮ್ಮ ರೂಮಿನ ನಾಯಿ ಪಾಪದ್ದು ಮೇಡಂ. ಹೊರಗಿನವು ಹಾಗಲ್ಲ." ಎರಡನೇ ಪೆಟ್ಟಿಗೆಯ ಇಲಿಗೆ ಬಾಯಿ ಇದ್ದಿದ್ದರೆ ಇದೇ ಮಾತು ಹೇಳುತ್ತಿತ್ತು.

ಆದ್ದರಿಂದ ಆ ಇಪ್ಪತ್ತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನ ಭೇಟಿಯ ಶುರುವಿನಲ್ಲಿ ಅಂಕಿ ಎಷ್ಟಿದೆ ಎಂದು ಬರೆದುಕೊಳ್ಳುತ್ತೇನೆ. ಅವರದು ಎಪ್ಪತ್ತಿತ್ತು. ಅಲ್ಲಿಂದ ಮುಂದೆ ಬೇಕೆಂದೇ ಎಲ್ಲವನ್ನೂ ಬದಲಿಸುತ್ತಾ ಹೋದೆವು. ದೊಡ್ಡ ನಾಯಿ, ಬೊಗಳುವ ನಾಯಿ, ಪಾರ್ಕು, ಸಂಜೆಗತ್ತಲು, ಕೊನೆಗೆ ನಾನಿಲ್ಲದೆ. ಎಲ್ಲವೂ ಮಾಲೀಕರ ಕೈಯಲ್ಲಿ ಹಗ್ಗವಿದ್ದ ನಾಯಿಗಳೇ. ಗುರುತಿಲ್ಲದ ಬೀದಿ ನಾಯಿಯ ಹತ್ತಿರ ಹೋಗುವುದು ಥೆರಪಿಯಲ್ಲ. ಪ್ರತಿ ಸಲವೂ ಮುಂಚೆ ಕೇಳುತ್ತಿದ್ದೆ: "ಏನಾಗುತ್ತೆ ಅನ್ಸುತ್ತೆ?" "ಐದು ನಿಮಿಷದಲ್ಲಿ ಮೇಲೆ ಎರಗುತ್ತೆ" ಅನ್ನುತ್ತಿದ್ದರು. ಹತ್ತು ನಿಮಿಷ ನಿಂತು, ಎರಗಿತಾ ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರದಿಂದಲೇ ಹೊಸ ಪಾಠ ಬರುತ್ತದೆ. ಅವರು ಸದಾ ಹಿಡಿದಿರುತ್ತಿದ್ದ ಕೋಲನ್ನೂ ಬಿಡಿಸಿದೆ. ಕೋಲು ಕೈಯಲ್ಲಿದ್ದರೆ ಏನೂ ಆಗದಿದ್ದದ್ದರ ಶ್ರೇಯಸ್ಸೆಲ್ಲ ಕೋಲಿಗೇ ಹೋಗುತ್ತದೆ.

ಕೆಲವು ತಿಂಗಳ ನಂತರ ನಾಯಿಯೊಂದು ಅವರನ್ನು ಅಟ್ಟಿಸಿಕೊಂಡು ಬಂತು. ಕಚ್ಚಲಿಲ್ಲ, ಆದರೆ ಭಯ ಮರಳಿತು. ಹೀಗಾಗಬಹುದು ಎಂದು ಮುಂಚೆಯೇ ಹೇಳಿದ್ದರಿಂದ ಅವರು ಮನೆಯಲ್ಲಿ ಕೂರದೆ ಫೋನ್ ಮಾಡಿದರು. ಈ ಸಲ ಭಯ ಬೇಗ ಇಳಿಯಿತು.

ಆತಂಕದ ಕಾಯಿಲೆಗಳೆಲ್ಲ ಈ ಅಚ್ಚಿಗೆ ಕೂರುವುದಿಲ್ಲ. ದೊಡ್ಡ ಆಘಾತದ ನಂತರ ಕಾಡುವ ಕಾಯಿಲೆಯಾದ ಪಿಟಿಎಸ್‌ಡಿಯಲ್ಲಿ ಹತ್ತಿರದ ಹೋಲಿಕೆ ಕಾಣುತ್ತದೆ. ಅಂಥವರನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ, ಎಕ್ಸ್‌ಟಿಂಕ್ಷನ್ ಆ ದಿನ ಉಳಿದವರಂತೆಯೇ ಆಯಿತು. ಮರುದಿನಕ್ಕೆ ಅದು ಸರಿಯಾಗಿ ಉಳಿದಿರಲಿಲ್ಲ. ಎಂದೂ ಮುಗಿಯದ ಚಿಂತೆಯ ಕಾಯಿಲೆಗೆ ಬೀಪ್ ಯಾವುದು ಎಂದೇ ಹೇಳುವುದು ಕಷ್ಟ. ಇದ್ದಕ್ಕಿದ್ದಂತೆ ಮೈಯನ್ನೆಲ್ಲ ಆವರಿಸುವ ದಿಗಿಲು, ಅಂದರೆ ಪ್ಯಾನಿಕ್, ಅದರ ಕಥೆ ಇನ್ನೂ ಬೇರೆ. ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾದ ಮೂವರಿಗೆ ಶೇ. 35ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿಯನ್ನು ಉಸಿರಾಡಲು ಕೊಟ್ಟಾಗ ಮೂವರಿಗೂ ಪ್ಯಾನಿಕ್ ಬಂತು. ಆ ವರದಿ ಬಂದದ್ದು 2013ರಲ್ಲಿ. ಹಾಗಾಗಿ ಪ್ಯಾನಿಕ್ ಇರುವವರಿಗೆ "ನಿಮ್ಮ ಅಮಿಗ್ಡಲಾ ಜಾಸ್ತಿ ಕೆಲಸ ಮಾಡ್ತಿದೆ" ಎಂದು ನಾನು ಹೇಳುವುದಿಲ್ಲ. ಅವರ ಜೊತೆ ಕೆಲಸ ಮಾಡುವುದು ಮೈಯೊಳಗಿನ ಸೂಚನೆಗಳ ಮೇಲೆ. ತಿರುಗುವ ಕುರ್ಚಿಯಲ್ಲಿ ತಲೆ ಸುತ್ತಿಸಿಕೊಳ್ಳುವುದು, ಸಣ್ಣ ಸ್ಟ್ರಾದಲ್ಲಿ ಉಸಿರಾಡುವುದು, ಮೆಟ್ಟಿಲು ಹತ್ತಿ ಎದೆಬಡಿತ ಏರಿಸಿಕೊಳ್ಳುವುದು. ಇದನ್ನೂ ಮೊದಲು ನನ್ನ ಕೋಣೆಯಲ್ಲಿ, ಆಮೇಲೆ ಬಸ್ಸಿನಲ್ಲಿ, ಆಮೇಲೆ ಅವರು ಒಬ್ಬರೇ ಇರುವಾಗ ಮಾಡಿಸುತ್ತೇನೆ.