ಬಾಳೆಗೊನೆ ಮತ್ತು ಮಾವಿನಕಾಯಿಯನ್ನು ಮನೆಯಲ್ಲೇ ಹಣ್ಣು ಮಾಡುವ ಕ್ರಮ

ನಾನು ಮದುವೆಯಾಗಿ ಬಂದ ಮನೆಯಲ್ಲಿ ಬಾಳೆಗೊನೆಯನ್ನು ಹಣ್ಣು ಮಾಡಲು ಹಿತ್ತಿಲಿನಲ್ಲಿ ಒಂದು ಗುಂಡಿಯಿತ್ತು. ಗೊನೆಯನ್ನು ಅದರೊಳಗೆ ಇಟ್ಟು, ಬಾಳೆಯ ಎಲೆಯಿಂದ ಮುಚ್ಚಿ, ಒಂದು ಮೂಲೆಯಲ್ಲಿ ಒಣಹುಲ್ಲಿನ ಹೊಗೆ ಹಾಕಿ ಮಣ್ಣು ಮೆತ್ತುತ್ತಿದ್ದರು. ಹೊಗೆಯ ಬಿಸಿಗೆ ಕಾಯಿ ಹಣ್ಣಾಗುತ್ತದೆ ಎಂದೇ ನಾವೆಲ್ಲರೂ ತಿಳಿದಿದ್ದೆವು. ಕೆಲಸ ಮಾಡುತ್ತಿದ್ದುದು ಬಿಸಿಯಷ್ಟೇ ಅಲ್ಲ, ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲವೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅದು ಗೊತ್ತಾದ ಮೇಲೆ ಕೆಲವು ಗೊನೆಗಳು ಏಕೆ ಚೆನ್ನಾಗಿ ಹಣ್ಣಾಗುತ್ತಿದ್ದವು, ಕೆಲವು ಏಕೆ ಹುಳಿವಾಸನೆ ಬಂದು ಕೆಡುತ್ತಿದ್ದವು ಎಂಬುದೂ ಅರ್ಥವಾಯಿತು.

ಎಥಿಲೀನ್ ಹೊರಗಿನಿಂದ ಬಂದ ಔಷಧವಲ್ಲ. ಬಾಳೆ, ಮಾವು, ಪಪ್ಪಾಯಿ, ಸಪೋಟ, ಟೊಮೇಟೊ ಇವೆಲ್ಲವೂ ಹಣ್ಣಾಗುವ ಹೊತ್ತಿಗೆ ಈ ಅನಿಲವನ್ನು ತಾವೇ ಬಿಡುತ್ತವೆ. ಒಂದು ಕಾಯಿ ಬಿಟ್ಟ ಅನಿಲವು ಪಕ್ಕದ ಕಾಯಿಗೆ ತಗುಲಿ, ಅದೂ ಅನಿಲ ಬಿಡಲು ಆರಂಭಿಸುತ್ತದೆ. ಒಮ್ಮೆ ಹೀಗೆ ಶುರುವಾದರೆ ಮುಂದಿನದಕ್ಕೆ ಹೊರಗಿನ ನೆರವು ಬೇಡ. ಒಳಗಿನ ಹಿಟ್ಟು ಸಕ್ಕರೆಯಾಗುವುದು, ತಿರುಳು ಮೆತ್ತಗಾಗುವುದು, ಸಿಪ್ಪೆಯ ಹಸಿರು ಇಳಿಯುವುದು, ಪರಿಮಳ ಬರುವುದು ಎಲ್ಲವೂ ಇದರ ಬೆನ್ನಿಗೇ ಬರುತ್ತವೆ. ದ್ರಾಕ್ಷಿ, ಮೂಸಂಬಿ, ದಾಳಿಂಬೆಗಳ ಸ್ವಭಾವ ಹೀಗಲ್ಲ. ಅವನ್ನು ಕೊಯ್ದ ಮೇಲೆ ಎಷ್ಟು ದಿನ ಮುಚ್ಚಿಟ್ಟರೂ ಸಿಹಿ ಹೆಚ್ಚುವುದಿಲ್ಲ.

ಇನ್ನು ಮನೆಯ ಗೊನೆಯ ವಿಚಾರಕ್ಕೆ ಬರುತ್ತೇನೆ. ಏಲಕ್ಕಿ ಬಾಳೆಯ ಒಂದು ಗೊನೆ ಇದೆಯೆಂದು ಇಟ್ಟುಕೊಳ್ಳಿ. ಮೊದಲು ಕಾಯಿ ಬಲಿತಿದೆಯೇ ಎಂದು ನೋಡಬೇಕು: ಏಣುಗಳು ಮಾಸಿ ಮೈ ದುಂಡಗಾಗಿರಬೇಕು. ಎಳೆಯ ಕಾಯಿಗೂ ಅನಿಲ ತಗುಲಿದರೆ ಬಣ್ಣ ಬರುತ್ತದೆ, ಆದರೆ ಸಕ್ಕರೆಯಾಗಲು ಒಳಗೆ ಸಾಕಷ್ಟು ಹಿಟ್ಟೇ ಇರುವುದಿಲ್ಲ. ಗೊನೆಯನ್ನು ಚಿಪ್ಪು ಚಿಪ್ಪಾಗಿ ಬಿಡಿಸಿ, ಕತ್ತರಿಸಿದ ಜಾಗದಿಂದ ಸೊನೆ ಇಳಿದು ಒಣಗುವವರೆಗೆ ನೆರಳಿನಲ್ಲಿ ಇಡಿ. ಆ ವಾರ ಬೇಕಾದ ನಾಲ್ಕು ಚಿಪ್ಪುಗಳನ್ನು ಮಾತ್ರ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ, ನಡುವೆ ಚೆನ್ನಾಗಿ ಮಾಗಿದ ಮೂರು ಬಾಳೆಹಣ್ಣುಗಳನ್ನು ಇಟ್ಟು ಮುಚ್ಚಿ. ಮಾಗಿದ ಹಣ್ಣು ಬಿಡುವ ಅನಿಲವೇ ಇಲ್ಲಿ ಹೊಗೆಯ ಕೆಲಸವನ್ನು ಮಾಡುತ್ತದೆ. ಉಳಿದ ಚಿಪ್ಪುಗಳನ್ನು ಬೇರೆ ಕೋಣೆಯಲ್ಲಿ, ಗಾಳಿಯಾಡುವ ತಂಪಾದ ಜಾಗದಲ್ಲಿ ಇಡಿ. ಹೀಗೆ ಬೇರ್ಪಡಿಸದೆ ಗೊನೆಯನ್ನು ಒಟ್ಟಿಗೇ ಇಟ್ಟರೆ, ಎರಡು ಕಾಯಿ ಹಣ್ಣಾದ ಕೂಡಲೇ ಉಳಿದವೆಲ್ಲ ಒಂದೇ ಬಾರಿಗೆ ಹಣ್ಣಾಗಿ, ತಿಂದು ಮುಗಿಸಲಾಗದೆ ನೆರೆಮನೆಗಳಿಗೆ ಹಂಚಬೇಕಾಗುತ್ತದೆ.

ಹೆಚ್ಚಿನವರು ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪೆಟ್ಟಿಗೆಯನ್ನು ಮುಚ್ಚಿ ನಾಲ್ಕು ದಿನ ಮರೆತುಬಿಡುತ್ತಾರೆ. ಕಾಯಿಯೂ ಉಸಿರಾಡುತ್ತದೆ, ಹಣ್ಣಾಗುವಾಗ ಅದರ ಉಸಿರಾಟ ಇನ್ನೂ ಹೆಚ್ಚಿ, ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ತುಂಬಿದರೆ ಎಥಿಲೀನ್ ಇದ್ದರೂ ಕೆಲಸ ಮಾಡದು, ಆಮ್ಲಜನಕವಿಲ್ಲದೆ ಕಾಯಿಯು ಹೊಸ ಎಥಿಲೀನನ್ನು ತಯಾರಿಸಲೂ ಆರದು. ತಿರುಳಿಗೆ ಹುದುಗಿದ ವಾಸನೆ ಬರುತ್ತದೆ. ನಮ್ಮ ಗುಂಡಿಯಲ್ಲಿ ಹೊಗೆ ಹೆಚ್ಚಾದ ದಿನ ಗೊನೆ ಕೆಡುತ್ತಿದ್ದುದು ಹೀಗೆಯೇ ಎಂದು ಈಗ ನನಗೆ ಅನ್ನಿಸುತ್ತದೆ. ಆದ್ದರಿಂದ ಒಂದು ಹಗಲು ಒಂದು ರಾತ್ರಿ ಮುಚ್ಚಿಟ್ಟು, ಮರುದಿನ ಪೆಟ್ಟಿಗೆಯನ್ನು ಅರ್ಧ ಗಂಟೆ ಪೂರ್ತಿಯಾಗಿ ತೆರೆದಿಡಿ. ಹಸಿರು ಸ್ವಲ್ಪ ತಿಳಿಯಾಗಿದ್ದರೆ ಮತ್ತೆ ಮುಚ್ಚುವ ಅಗತ್ಯವಿಲ್ಲ, ತೆರೆದ ಬುಟ್ಟಿಗೆ ವರ್ಗಾಯಿಸಿದರೆ ಸಾಕು. ಏನೂ ಬದಲಾಗಿಲ್ಲವೆಂದರೆ ಮಾತ್ರ ಇನ್ನೊಂದು ದಿನ ಮುಚ್ಚಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೇಡವೇ ಬೇಡ. ಗಾಳಿ ಕಟ್ಟಿಹೋಗುವುದಲ್ಲದೆ ಒಳಗೆ ನೀರಿಳಿದು ತೊಟ್ಟಿನ ಕಡೆಗೆ ಬೂಸಲು ಹಿಡಿಯುತ್ತದೆ.

ಪೇಟೆಯ ಮಾಗಿಸುವ ಕೊಠಡಿಗಳಲ್ಲಿಯೂ ನಡೆಯುವುದು ಇದೇ ಕ್ರಮ, ಅಳತೆ ಮಾತ್ರ ಖಚಿತ. ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗ ಎಥಿಲೀನ್ ಸಾಕು. ಎಂದರೆ 10,000 ಲೀಟರ್ ಗಾಳಿ ಹಿಡಿಯುವ ಕೋಣೆಗೆ ಒಂದೇ ಲೀಟರ್ ಅನಿಲ. ಬಾಳೆಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್, ಮಾವಿಗೆ ಸುಮಾರು 20 ಡಿಗ್ರಿ ಶಾಖವಿಟ್ಟು, ಗಾಳಿಯಲ್ಲಿ ತೇವವನ್ನು ಹೆಚ್ಚಾಗಿಯೇ ಕಾಯ್ದು, ಒಂದು ದಿನದ ನಂತರ ಬಾಗಿಲು ತೆರೆದು ಹಳೆಯ ಗಾಳಿಯನ್ನು ಹೊರಗೆ ಬಿಡುತ್ತಾರೆ. ‘ಗ್ಯಾಸ್ ಹಾಕಿದ ಹಣ್ಣು’ ಎಂದು ಹೆದರುವವರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಜವಾಗಿ ಹೆದರಬೇಕಾದದ್ದು ಕ್ಯಾಲ್ಸಿಯಂ ಕಾರ್ಬೈಡ್‌ಗೆ. ಅದು ತೇವ ತಗುಲಿದಾಗ ಬಿಡುವುದು ಅಸಿಟಿಲೀನ್ ಎಂಬ ಬೇರೆಯೇ ಅನಿಲವನ್ನು, ಜೊತೆಗೆ ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲ್ಮಶ ಇರಬಹುದು. ಹಣ್ಣು ಮಾಡಲು ಅದನ್ನು ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಎಥಿಲೀನ್ ಅನಿಲಕ್ಕೆ ಮೇಲಿನ ಅಳತೆಯೊಳಗೆ ಅನುಮತಿಯಿದೆ. ಮೈಯೆಲ್ಲ ಒಂದೇ ಹಳದಿಯಾಗಿದ್ದು, ಪರಿಮಳವಿಲ್ಲದೆ, ಕೊಯ್ದರೆ ಒಳಗೆ ಗಟ್ಟಿಯಾಗಿ ಹುಳಿಯಾಗಿರುವ ಮಾವಿನ ಮೇಲೆ ಅನುಮಾನ ಪಡಬಹುದು. ಆದರೆ ಎಳೆಯದಾಗಿ ಕೊಯ್ದ ಕಾಯಿಯೂ ಹಾಗೆಯೇ ಇರುವುದರಿಂದ ಕಣ್ಣಿನಿಂದಷ್ಟೇ ತೀರ್ಮಾನಿಸಲಾಗದು.

ಶಾಖದ ಮಾತು ಬಂದಾಗ ಪಚ್ಚಬಾಳೆಯ ಬಗ್ಗೆ ಹೇಳಲೇಬೇಕು. ಕಡು ಬೇಸಿಗೆಯಲ್ಲಿ ಅದರ ತಿರುಳು ಪೂರ್ತಿ ಮಾಗಿದರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ, ಏಕೆಂದರೆ ಬಿಸಿ ಹೆಚ್ಚಾದಾಗ ಆ ಜಾತಿಯ ಸಿಪ್ಪೆಯ ಹಸಿರು ಸರಿಯಾಗಿ ಕರಗುವುದಿಲ್ಲ. ಹಳದಿಯಾಗಲಿ ಎಂದು ಕಾಯುತ್ತಾ ಕುಳಿತರೆ ಹಣ್ಣು ಒಳಗೇ ಕೊಳೆಯುತ್ತದೆ. ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ ತಿನ್ನಬೇಕು. ಚಳಿಯೂ ಹಾಗೆಯೇ ಕೆಡುಕು. 13 ಡಿಗ್ರಿಗಿಂತ ತಂಪಾದರೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಹಸಿಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದ ಮೇಲೂ ಅದು ಸರಿಯಾಗಿ ಮಾಗದು. ಮಾವಿನಕಾಯಿಗೂ ಇದೇ ಮಾತು ಸಲ್ಲುತ್ತದೆ: ಮೊದಲು ಹೊರಗೆ ಹಣ್ಣಾಗಲಿ, ಆಮೇಲೆ ಎರಡು ಮೂರು ದಿನ ಒಳಗಿಡಬಹುದು.

ಮಾವಿನಕಾಯಿಯನ್ನು ಬುಟ್ಟಿಗೆ ಹಾಕುವ ಮೊದಲು ನೀರಿನ ಬಕೆಟ್ಟಿನಲ್ಲಿ ಬಿಟ್ಟು ನೋಡುವುದು ನನ್ನ ಅಭ್ಯಾಸ. ಬಲಿತ ಕಾಯಿ ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದ್ದನ್ನು ಉಪ್ಪಿನಕಾಯಿಗೆ ತೆಗೆದಿಡಿ. ಕೊಯ್ಯುವಾಗ ಒಂದು ಬೆರಳಗಲ ತೊಟ್ಟು ಬಿಟ್ಟರೆ ಸೊನೆ ಮೈಮೇಲೆ ಹರಿದು ಸುಡುವುದಿಲ್ಲ. ಮುಳುಗಿದ ಕಾಯಿಗಳನ್ನು ಒರೆಸಿ, ಚೆನ್ನಾಗಿ ಒಣಗಿದ ಭತ್ತದ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಎರಡು ಪದರವಾಗಿ ಇಡಿ. ಹುಲ್ಲು ತಾನೇ ಹಣ್ಣು ಮಾಡುವುದಿಲ್ಲ. ಕಾಯಿ ಬಿಟ್ಟ ಅನಿಲವನ್ನೂ ಬೆಚ್ಚನೆಯನ್ನೂ ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಗಾಳಿಯನ್ನೂ ಆಡಗೊಡುತ್ತದೆ. ಎರಡು ದಿನಕ್ಕೊಮ್ಮೆ ಕೈಯಾಡಿಸಿ, ಕಪ್ಪು ಚುಕ್ಕೆ ಬಂದದ್ದನ್ನು ತಡಮಾಡದೆ ತೆಗೆಯಿರಿ. ಕೊಳೆತ ಹಣ್ಣು ಎಥಿಲೀನನ್ನು ಹೆಚ್ಚಾಗಿ ಬಿಟ್ಟು, ರೋಗದ ಜೊತೆಗೆ ಅಕ್ಕಪಕ್ಕದ ಕಾಯಿಗಳನ್ನು ಹೊತ್ತಿಗೆ ಮುಂಚೆಯೇ ಮೆತ್ತಗೆ ಮಾಡುತ್ತದೆ. ಈ ಬುಟ್ಟಿಯನ್ನೂ ಬಾಳೆಯ ಪೆಟ್ಟಿಗೆಯನ್ನೂ ಸೌತೆಕಾಯಿ, ಸೊಪ್ಪುಗಳಿರುವ ಮೂಲೆಯಿಂದ ದೂರವಿಡಿ. ಇಲ್ಲದಿದ್ದರೆ ಸೊಪ್ಪು ಬೇಗನೆ ಹಳದಿಯಾಗುತ್ತದೆ.