ಕೆಕೆಟಿ ಲೆಕ್ಕದಲ್ಲಿ ಗುಣಕದ ಚಿಹ್ನೆ ನೋಡದೆ ಮುಂದೆ ಹೋಗಬೇಡಿ

ಕೆಕೆಟಿ ಅಂದರೆ ಕರುಷ್–ಕುನ್–ಟಕ್ಕರ್ ಷರತ್ತುಗಳು, ನಿರ್ಬಂಧಗಳಿರುವಾಗ ಕನಿಷ್ಠ ಹುಡುಕಲು ಬಳಸುವಂಥವು. ಅಸಮಾನತೆ ನಿರ್ಬಂಧ ಇದ್ದಾಗ ಯಾವುದು ಬಿಗಿಯಾಗಿದೆ, ಅಂದರೆ ಸಮಾನತೆಯಾಗಿ ನಿಲ್ಲುತ್ತದೆ, ಅಂತ ಮೊದಲು ಊಹಿಸಿ, ಆಮೇಲೆ ಪರೀಕ್ಷಿಸಬೇಕು. ತಪ್ಪು ಊಹೆಯನ್ನು ಹಿಡಿದುಕೊಡುವುದು ಗುಣಕದ ಚಿಹ್ನೆ.

ಒಂದು ಉದಾಹರಣೆ: f = (x−3)² + (y−2)² ಕನಿಷ್ಠ ಆಗಬೇಕು. ನಿರ್ಬಂಧಗಳು x+y−2 ≤ 0 ಮತ್ತು −y ≤ 0. ಗುಣಕಗಳು λ, μ.

```
2(x−3) + λ = 0
2(y−2) + λ − μ = 0
λ(x+y−2) = 0,  μy = 0
λ ≥ 0,  μ ≥ 0
```

ಎರಡೂ ಬಿಗಿ ಅಂತ ಊಹಿಸೋಣ. ಬಿಂದು (2, 0), f = 5. ಮೊದಲ ಸಮೀಕರಣದಿಂದ λ = 2, ಎರಡನೆಯದರಿಂದ μ = −2. ಬಿಂದು ನಿರ್ಬಂಧಗಳೊಳಗೇ ಇದೆ, ಸಮೀಕರಣಗಳೂ ಸರಿ. ಸುಮಾರು ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ! ಆದರೆ μ ಋಣ, ಅಂದರೆ y = 0 ಗೆರೆ ಬಿಟ್ಟು ಒಳಗೆ ಸರಿದರೆ f ಇನ್ನೂ ಇಳಿಯುತ್ತದೆ. ಬೇಕಿದ್ದರೆ (1.9, 0.1) ಹಾಕಿ ನೋಡಿ, f = 4.82 ಬರುತ್ತದೆ.

ಹಾಗಾಗಿ μ = 0 ಇಟ್ಟು, x+y = 2 ಮಾತ್ರ ಉಳಿಸಿಕೊಳ್ಳಿ. x = 3 − λ/2, y = 2 − λ/2. ಕೂಡಿಸಿದರೆ 5 − λ = 2, ಆದ್ದರಿಂದ λ = 3. ಬಿಂದು (1.5, 0.5), f = 4.5. y ಧನ, λ ಧನ, ಎಲ್ಲ ಷರತ್ತೂ ಸರಿಹೋಯಿತು.

ಇಲ್ಲಿ f ಪೀನ, ನಿರ್ಬಂಧಗಳು ಸರಳರೇಖೆಯವು. ಅದಕ್ಕೇ ಇದೇ ಕನಿಷ್ಠ ಅಂತ ಧೈರ್ಯವಾಗಿ ಹೇಳಬಹುದು. f ಪೀನ ಅಲ್ಲದಿದ್ದರೆ ಷರತ್ತುಗಳೆಲ್ಲ ಸರಿಯಿದ್ದರೂ ಆ ಬಿಂದು ಕನಿಷ್ಠ ಆಗದೇ ಇರಬಹುದು.

ಅಂದಹಾಗೆ, λ = 3 ಸುಮ್ನೆ ಬಂದ ಸಂಖ್ಯೆ ಅಲ್ಲ. x+y ಮೇಲಿನ ಮಿತಿಯನ್ನು 2ರಿಂದ 2.1ಕ್ಕೆ ಸಡಿಲಿಸಿದರೆ f ಸುಮಾರು 0.3 ಇಳಿಯುತ್ತದೆ.